ಗುಂಡಿ ಒತ್ತಿದರೂ ಸಹಿ, ಸಹಿ ಮಾಡಿದರೂ ಝೆರಾಕ್ಸ್

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ಟೋಪಿ ಹಾಕುವುದು ಸುಲಭವಲ್ಲ. ಚೀಲದ ತಳಕ್ಕೆ ಕೈ ಹಾಕಿ ಕಾಯಿ ತೆಗೆಯುತ್ತಾರೆ. ಮುರಿದು ನೋಡಿ, ಮೂಸಿ, ತೇವ ಜಾಸ್ತಿ ಇದೆ ಅಂತ ರೇಟು ಇಳಿಸುತ್ತಾರೆ. ಇಂಥ ಸಾವಕಾರರೊಬ್ಬರು ಖಾರದ ಪುಡಿಯನ್ನು ಆನ್‌ಲೈನಿನಲ್ಲಿ ಮಾರಲು ಹೊರಟರು. ಕಂಪನಿಯ ಕರಾರು ಬೆರಳಾಡಿಸಿದಷ್ಟೂ ಮುಗಿಯುತ್ತಿರಲಿಲ್ಲ. ಕೊನೆಗೆ ಒಂದಕ್ಷರ ಓದದೆ ‘ಐ ಅಗ್ರೀ’ ಒತ್ತಿದರು.

ಮುಂದೆ ವಾಪಸು ಬಂದ ಪೊಟ್ಟಣಗಳ ಹೆಸರಲ್ಲಿ ಕಂಪನಿ 38,000 ರೂಪಾಯಿ ಹಿಡಿದುಕೊಂಡಿತು. ಸಾವಕಾರರು ಸಿಟ್ಟಾದರು. “ನಾ ಎಲ್ಲಿ ಸಹಿ ಮಾಡೀನ್ರಿ? ಸುಮ್ನ ಗುಂಡಿ ಒತ್ತೀನಿ.”

ಈ ವಾದ ನಡೆಯುವುದಿಲ್ಲ. ಒಪ್ಪಂದಕ್ಕೆ ಬೇಕಾದದ್ದು ಒಪ್ಪಿಗೆ. ಸಹಿ ಇರಲೇಬೇಕು ಅಂತ 1872ರ ಕರಾರು ಕಾಯ್ದೆ ಎಲ್ಲ ವ್ಯವಹಾರಕ್ಕೂ ಹೇಳಿಲ್ಲ. ಹಾಗೆ ಹೇಳಿದ್ದರೆ ಬಾಯಿಮಾತಿನಲ್ಲಿ ನಡೆಯುವ ಬ್ಯಾಡಗಿಯ ಎಷ್ಟೋ ವ್ಯಾಪಾರ ಅಂದೇ ನಿಲ್ಲುತ್ತಿತ್ತು! ಕಂಪ್ಯೂಟರಿನಲ್ಲಿ ಆದದ್ದು ಅನ್ನುವ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ ಅಂತ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ. ಓದದೆ ಒತ್ತಿದೆ ಅಂದರೆ ಕೋರ್ಟು ಕನಿಕರ ಪಟ್ಟೀತು, ಬಿಟ್ಟುಬಿಡಲಿಕ್ಕಿಲ್ಲ.

ಈಗ ಕರಾರು ಓದುವ ಗಳಿಗೆ ಬಂತು. ತಕರಾರು ಬಂದರೆ ಕೋರ್ಟಿನ ಬದಲು ದಿಲ್ಲಿಯಲ್ಲಿ ಮಧ್ಯಸ್ಥಿಕೆ, ಮಧ್ಯಸ್ಥ ಹೇಳಿದ್ದೇ ತೀರ್ಪು. ಮಧ್ಯಸ್ಥ ಒಬ್ಬನೇ. ಅವನನ್ನು ನೇಮಿಸುವವರು ಯಾರು? ಕಂಪನಿಯವರೇ! ಜಗಳಗಂಟ ಗೌಡನೇ ಪಂಚಾಯ್ತಿಗೆ ತನ್ನ ಅಳಿಯನನ್ನು ಕೂರಿಸಿದಂತೆ.

ಇಲ್ಲಿ ಸಾವಕಾರರಿಗೆ ಒಂದು ಸಂದು ಇದೆ. ಫಲಿತಾಂಶದಲ್ಲಿ ಆಸಕ್ತಿ ಇರುವವರು ಒಬ್ಬನೇ ಮಧ್ಯಸ್ಥನನ್ನು ತಾವಾಗಿ ನೇಮಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿದೆ. ಮೊದಲೇ ‘ಐ ಅಗ್ರೀ’ ಒತ್ತಿದ್ದರಿಂದ ಈ ಆಕ್ಷೇಪ ಬಿಟ್ಟುಕೊಟ್ಟಂತಾಗುವುದಿಲ್ಲ. ಬಿಟ್ಟುಕೊಡಬೇಕಾದರೆ ಜಗಳ ಹುಟ್ಟಿದ ಮೇಲೆ, ಸ್ಪಷ್ಟವಾಗಿ ಬರೆದುಕೊಡಬೇಕು. ಹಾಗಾಗಿ ಕಂಪನಿಯ ಅಳಿಯ ಏಳಬೇಕಾಗುತ್ತದೆ. ದಿಲ್ಲಿ ಮಾತ್ರ ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ. ಮನೆಗೆ ಮಿಕ್ಸಿ ಕೊಂಡ ಗ್ರಾಹಕರಾಗಿದ್ದರೆ ಅವರು ಹಾವೇರಿಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದಿತ್ತು. ಆದರೆ ಇಲ್ಲಿ ಅವರು ಮಾರುವವರು. 38,000ದ ಆಸೆಗೆ ದಿಲ್ಲಿ ರೈಲು ಹತ್ತಿ, ಅಲ್ಲಿನ ವಕೀಲರ ಫೀ ಕೊಟ್ಟು ಬರುವಷ್ಟರಲ್ಲಿ ಉಳಿಯುವುದು ಟಿಕೆಟ್ಟೊಂದೇ. ಕರಾರು ಬರೆದವರಿಗೆ ಈ ಲೆಕ್ಕ ಗೊತ್ತಿಲ್ಲ ಅಂತೀರಾ?

ಕಂಪನಿಗೂ ಒಂದು ತಲೆನೋವಿದೆ. ಸಾವಕಾರರು ಒತ್ತಿದ್ದು ಯಾವ ಕರಾರಿಗೆ? ಅಂದಿನದಕ್ಕೋ, ಆಮೇಲೆ ತಿದ್ದಿದ್ದಕ್ಕೋ? ಒತ್ತಿದವರು ಅವರೋ, ಅಂಗಡಿಯ ಹುಡುಗನೋ? ಕಂಪನಿ ಆ ದಿನದ ಪ್ರತಿ, ಒಟಿಪಿ ಹೋದ ನಂಬರು, ಒತ್ತಿದ ಸಮಯ ಎಲ್ಲ ತೋರಿಸಬೇಕು. ಆ ದಾಖಲೆಯ ಜೊತೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಹ್ಯಾಶ್, ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಕೇತ, ಬರೆದಿರಬೇಕು. ಫೈಲಿನಲ್ಲಿ ಒಂದಕ್ಷರ ಬದಲಾದರೂ ಹ್ಯಾಶ್ ಬದಲಾಗುತ್ತದೆ, ಕಳ್ಳತನ ಸಿಕ್ಕಿಬೀಳುತ್ತದೆ. ಸಾವಕಾರರೂ ಒತ್ತುವ ದಿನವೇ ಒಂದು ಪ್ರತಿ ಇಳಿಸಿಕೊಂಡಿದ್ದರೆ ಈಗ ಕೈಯಲ್ಲಿ ಏನಾದರೂ ಇರುತ್ತಿತ್ತು.

ಬರಿಯ ಗುಂಡಿಗೆ ಇಷ್ಟು ಮರ್ಯಾದೆ ಕೊಡುವ ನಾಡಿನಲ್ಲಿ ನಿಜವಾದ ಇ-ಸಹಿಗೆ ಏನು ಗತಿ ನೋಡಿ. ಇದೇ ಸಾವಕಾರರು ಸಾಲದ ಅರ್ಜಿಗೆ ಆಧಾರ್ ಒಟಿಪಿಯಿಂದ ಇ-ಸೈನ್ ಮಾಡಿದರು. ಈ ಸಹಿಗೆ ಪರವಾನಗಿ ಪಡೆದ ಸಂಸ್ಥೆಯ ಪ್ರಮಾಣಪತ್ರ ಇರುತ್ತದೆ. ಸಹಿ ಆದಮೇಲೆ ಪಿಡಿಎಫ್ ತಿದ್ದಿದರೆ ತಪಾಸಣೆಯಲ್ಲಿ ಗೊತ್ತಾಗುತ್ತದೆ. ಇಷ್ಟು ಗಟ್ಟಿ ಸಹಿಯನ್ನು ಹುಬ್ಬಳ್ಳಿಯ ಕಚೇರಿಯೊಂದಕ್ಕೆ ಒಯ್ದರೆ ಗುಮಾಸ್ತರು ಪರದೆಯ ಮೇಲಿನ ಹಳದಿ ಪ್ರಶ್ನಾರ್ಥಕ ಚಿಹ್ನೆ ತೋರಿಸಿದರು. “ಸಹಿ ಖರೇ ಇಲ್ಲಂತ ಇದ ಹೇಳಾಕತ್ತದ ನೋಡ್ರಿ.”

ಅದು ಹಾಗೆ ಹೇಳುತ್ತಿರಲಿಲ್ಲ. ಸಹಿಗೆ ಪ್ರಮಾಣಪತ್ರ ಕೊಟ್ಟವರ ಗುರುತು ಆ ಕಂಪ್ಯೂಟರಿಗೆ ಇಲ್ಲದಿದ್ದರೂ ಆ ಚಿಹ್ನೆ ಬರುತ್ತದೆ. ಗುರುತು ಮಾಡಿಸಿಕೊಟ್ಟರೆ ಹೋಗುತ್ತದೆ. ಅಷ್ಟು ವ್ಯವಧಾನ ಯಾರಿಗಿದೆ? ಪ್ರಿಂಟ್ ತೆಗೆಯಿರಿ, ನೀಲಿ ಪೆನ್ನಿನಲ್ಲಿ ಸಹಿ ಮಾಡಿ, ಅಂಗಡಿ ಸೀಲು ಒತ್ತಿ, ಸ್ಕ್ಯಾನ್ ಮಾಡಿ, ವಾಟ್ಸಾಪಿನಲ್ಲಿ ಹಾಕಿ ಅಂದರು. ಇ-ಸಹಿಯ ಜೀವ ಇರುವುದು ಫೈಲಿನಲ್ಲಿ. ಪ್ರಿಂಟ್ ತೆಗೆದ ಮೇಲೆ ಅದು ಬರೀ ಚಿತ್ರ, ತಪಾಸಣೆಗೆ ಬರುವುದಿಲ್ಲ. ಹೀಗೆ ಗಟ್ಟಿ ಸಹಿಯನ್ನು ಕೊಂದು, ಅದರ ಮೇಲೆ ಯಾರು ಬೇಕಾದರೂ ಗೀಚಬಹುದಾದ ಸಹಿ ಹಾಕಿಸಿದರು.

“ಸಾಹೇಬ್ರ, ಅಸಲ್ ಫೈಲೇ ಕೊಡ್ತೀನ್ರಿ, ಪೆನ್ ಡ್ರೈವ್‌ದಾಗ ತಂದೀನಿ” ಅಂದರು ಸಾವಕಾರರು.

“ಬ್ಯಾಡ್ರಿ, ವೈರಸ್ ಬರ್ತಾವು. ಎರಡು ಝೆರಾಕ್ಸ್ ತರ್ರಿ.”