ಲಿಂಕ್ ತೆರೆದರೆ ಸಾಲದು

"ಚಾಟ್‌ಬಾಟ್ ಕೊಟ್ಟ ಉಲ್ಲೇಖದಲ್ಲಿ ಡಿಒಐ, ಅಂದ್ರೆ ಲೇಖನದ ಗುರುತು ಸಂಖ್ಯೆ ಇರುತ್ತೆ, ಅದರ ಲಿಂಕ್ ಒತ್ತಿದರೆ ಪುಟ ತೆರೆಯುತ್ತೆ. ಅಂದ್ಮೇಲೆ ಆ ಉಲ್ಲೇಖ ನಿಜಾನೇ ಅಲ್ವಾ?"

ಅಲ್ಲ ಸರ್, ನಾವು ಮೋಸ ಹೋಗಿದ್ದೇ ಅಲ್ಲಿ. ಕೋಲಾರದ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ನನ್ನ ತಂಗಿ ಪ್ರಬಂಧ ಬರೆಯುತ್ತಿದ್ದಳು. ಚಾಟ್‌ಬಾಟ್ ಕೊಟ್ಟ ಒಂದು ಉಲ್ಲೇಖದಲ್ಲಿ ಜರ್ನಲ್ ನಿಜ, ಲೇಖಕರೂ ಅದೇ ವಿಷಯದವರು. ಡಿಒಐಯನ್ನು doi.org ನಲ್ಲಿ ಹಾಕಿದರೆ ಪುಟವೂ ಬಂತು. ಆದರೆ ಅದು ಮೀನು ಸಾಕಣೆಯ ಲೇಖನ! ಚಾಟ್‌ಬಾಟ್ ಡಿಒಐ ಥರ ಕಾಣುವ ಅಂಕಿ ಜೋಡಿಸುತ್ತದೆ, ಅದು ಇನ್ಯಾರದೋ ಲೇಖನದ್ದಾಗಿ ಬಿಡಬಹುದು.

ಹಾಗಾಗಿ ತೆರೆದ ಪುಟದ ಶೀರ್ಷಿಕೆ, ಲೇಖಕರು, ವರ್ಷ ಮೂರನ್ನೂ ತಾಳೆ ನೋಡಿ. ಆಮೇಲೆ ಜರ್ನಲ್‌ನ ಸೈಟಿಗೇ ಹೋಗಿ ಆ ಸಂಪುಟ, ಆ ಸಂಚಿಕೆಯ ಪರಿವಿಡಿ ತೆಗೆಯಿರಿ. ತಂಗಿಯ ಉಲ್ಲೇಖದ ಪುಟಸಂಖ್ಯೆ ಅಲ್ಲಿ ಬೇರೊಬ್ಬರ ಲೇಖನದ ನಡುವೆ ಬಿದ್ದಿತ್ತು. ಸುಳ್ಳು ಸಿಕ್ಕಿಬಿದ್ದಿದ್ದು ಹಾಗೆ.

ಗೂಗಲ್ ಸ್ಕಾಲರ್‌ನಲ್ಲಿ ಹೆಸರು ಸಿಕ್ಕಿತು ಅಂತಲೂ ನಂಬಬೇಡಿ. ಮುಂದೆ [CITATION] ಅಂತಿದ್ದರೆ, ಯಾರೋ ಅದನ್ನು ಉಲ್ಲೇಖಿಸಿದ್ದಾರೆ ಅಂತಷ್ಟೇ. ಅವರೂ ಚಾಟ್‌ಬಾಟನ್ನೇ ನಂಬಿರಬಹುದು!

ಇನ್ನೊಂದು ಮಾತು. ನಮ್ಮ ಹಳೆಯ ಜರ್ನಲ್‌ಗಳಲ್ಲಿ ಎಷ್ಟೋ ಲೇಖನಗಳಿಗೆ ಡಿಒಐ ಇಲ್ಲ. ಸುಮ್ನೆ ಸುಳ್ಳು ಅಂತ ಹೊಡೆದು ಹಾಕಬೇಡಿ, ಲೈಬ್ರರಿಯಲ್ಲಿ ಆ ಸಂಚಿಕೆ ಕೇಳಿ ನೋಡಿ.