ಸತ್ಯಾಂಶ: ರೇಷ್ಮೆ ಹುಳು ಮನೆಗೆ ಎಷ್ಟು ತೇವ ಬೇಕು?

“ಬೇಸಿಗೆಯಲ್ಲಿ ಹುಳು ಮನೆಯ ಕಿಟಕಿ ಮುಚ್ಚಿ, ಒದ್ದೆ ಗೋಣಿಚೀಲ ಕಟ್ಟಿ. ತೇವ ಹೆಚ್ಚಿದಷ್ಟೂ ಒಳ್ಳೆಯದು.”

ಚಿತ್ರದುರ್ಗದ ಒಣ ಬಿಸಿಲು ಕಂಡವರಿಗೆ ಈ ಮಾತು ಸರಿಯೆನಿಸುವುದು ಸಹಜ. ಚಾಕಿ ಹಂತದ ಎಳೆ ಹುಳುವಿಗೆ ಶೇ 85ರಷ್ಟು ತೇವ ಬೇಕು, ನಿಜ. ಆದರೆ ಕೊನೆಯ, ಐದನೇ ಹಂತಕ್ಕೆ 24–25 ಡಿಗ್ರಿ, ಶೇ 70 ಸಾಕು. ಆಗ ರಾಶಿ ಸೊಪ್ಪು, ಹಿಕ್ಕೆಗಳೇ ತೇವ ಬಿಡುತ್ತವೆ. ಗಾಳಿಯಾಡದಿದ್ದರೆ ಹಾಸಿಗೆ ಒದ್ದೆಯಾಗಿ ಸುಣ್ಣಕಟ್ಟು ರೋಗಕ್ಕೆ ದಾರಿಯಾಗುತ್ತದೆ. ಒದ್ದೆ ಗೋಣಿಯೂ ಒಣಗಾಳಿ ಹಾದುಹೋದರಷ್ಟೇ ತಂಪು ಕೊಡುತ್ತದೆ.

ಅಗ್ಗದ ತೇವಮಾಪಕವೊಂದನ್ನು ಗೋಣಿಯಿಂದ ದೂರ, ತಟ್ಟೆಯ ಮಟ್ಟದಲ್ಲಿ ತೂಗುಹಾಕಿ ನೀವೇ ನೋಡಬಹುದು. ಅದನ್ನೂ ಕುರುಡಾಗಿ ನಂಬಬೇಡಿ: ಬಾಟಲಿ ಮುಚ್ಚಳದಲ್ಲಿ ಉಪ್ಪಿಗೆ ಕೆಸರಾಗುವಷ್ಟೇ ನೀರು ಬೆರೆಸಿ, ಮಾಪಕದೊಂದಿಗೆ ಬಿಗಿ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸಬೇಕು. 81 ತೋರಿಸಿದರೆ, ಆಸುಪಾಸಿನ ಅಳತೆಗಳಲ್ಲಿ 6 ಕಳೆಯಿರಿ.