ಉಪವಾಸಕ್ಕೆ ನೊಬೆಲ್ ಬಂತಂತೆ, ಕೇಳಿದಿರಾ?

ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಉಪವಾಸದ ಬಗ್ಗೆ ಜೊತೆಯಾಗಿ ಮಾಡಿದ ಪ್ರೆಸೆಂಟೇಷನ್ ನೋಡಲು ಇವತ್ತು ಶಾಲೆಗೆ ಹೋಗಿದ್ದೆ. ಅವರು ನಮ್ಮ ಊಟದ ಮೇಜಿನ ಮುಂದೆ ಕುಳಿತು ಸಿದ್ಧಪಡಿಸಿದ್ದೇ ಒಂದು, ಶಾಲೆಯ ಪರದೆಯ ಮೇಲೆ ಮೂಡಿದ್ದೇ ಇನ್ನೊಂದು. ಒಬ್ಬಳು ನನ್ನ ಮಗಳು, ಇನ್ನೊಬ್ಬಳು ಅವಳ ಪಕ್ಕದ ಬೆಂಚಿನ ಗೆಳತಿ. ನಮ್ಮ ಮನೆಯಲ್ಲಿ ಏಕಾದಶಿ ಎಷ್ಟು ಕಟ್ಟುನಿಟ್ಟು ಎಂಬುದು ನಿಮಗೆಲ್ಲ ಗೊತ್ತೇ ಇದೆ. ನಮ್ಮ ಅತ್ತೆಯವರನ್ನು ಬಲ್ಲವರಿಗೆ ಇನ್ನೂ ಚೆನ್ನಾಗಿ ಗೊತ್ತು. ಗೆಳತಿಯ ಮನೆಯಲ್ಲಿ ರಂಜಾನ್ ರೋಜಾ ಅಷ್ಟೇ ಕಟ್ಟುನಿಟ್ಟು.

ಪರದೆಯ ಮೇಲೆ ಕಂಡದ್ದು ‘ಉಪವಾಸದ ಆರೋಗ್ಯ ಲಾಭಗಳು’. ಜಠರಕ್ಕೆ ವಿಶ್ರಾಂತಿ, ವಿಷಕಾರಿ ವಸ್ತುಗಳ ವಿಸರ್ಜನೆ, ಮತ್ತು ದೊಡ್ಡ ಅಕ್ಷರದಲ್ಲಿ, ‘ಉಪವಾಸದ ಸಂಶೋಧನೆಗೆ 2016ರಲ್ಲಿ ನೊಬೆಲ್’. ಆ ಬಹುಮಾನ ಬಂದದ್ದು ಜಪಾನಿನ ಯೋಷಿನೋರಿ ಒಸುಮಿಯವರಿಗೆ, ಜೀವಕೋಶ ತನ್ನದೇ ಭಾಗಗಳನ್ನು ಒಡೆದು ಮರುಬಳಸುವ ಬಗೆಯನ್ನು ಯೀಸ್ಟ್‌ನಲ್ಲಿ ತೋರಿಸಿಕೊಟ್ಟದ್ದಕ್ಕೆ. ಯೀಸ್ಟ್ ಏಕಾದಶಿ ಮಾಡಿದ್ದನ್ನು ಯಾರೂ ಕಂಡಿಲ್ಲ, ರೋಜಾ ಹಿಡಿದದ್ದನ್ನೂ ಕಂಡಿಲ್ಲ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಈ ನೊಬೆಲ್ ಪ್ರತಿ ಏಕಾದಶಿಗೂ ಬರುತ್ತದೆ, ಗೆಳತಿಯ ಕುಟುಂಬದ ಗುಂಪಿನಲ್ಲಿ ರಂಜಾನ್‌ಗೆ ಬರುತ್ತದೆಯಂತೆ. ಹುಡುಗಿಯರು ಅದನ್ನು ಓದಿ ನಕ್ಕು ಬದಿಗಿಟ್ಟಿದ್ದರು. ಅದನ್ನು ಹಾಕಿಸಿದ್ದು ಟೀಚರ್.

ಬದಿಗೆ ಸರಿದದ್ದು ಏನು ಎಂಬುದನ್ನು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ.

ಮಾತು ಶುರುವಾದದ್ದು ಗೆಳತಿಯ ಒಂದು ಪ್ರಶ್ನೆಯಿಂದ. ಎದುರುಮನೆಯವರು ಏಕಾದಶಿಯನ್ನು ಒಂದು ದಿನ ಮಾಡಿ, ನಾವು ಮರುದಿನ ಮಾಡಿದರೆ, ನಿಜವಾದ ಏಕಾದಶಿ ಯಾವುದು? ಅತ್ತೆಯವರು ಮಠದ ಪಂಚಾಂಗ ತಂದು, ಘಳಿಗೆಯ ಅಂಕಣದ ಮೇಲೆ ಬೆರಳಿಟ್ಟು, “ಐವತ್ತಾರು ನೋಡು ಮಗಳೇ, ಐವತ್ತಾರು” ಎಂದರು. ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯಕ್ಕೆ ಅರವತ್ತು ಘಳಿಗೆ, ಒಂದು ಘಳಿಗೆಗೆ ಇಪ್ಪತ್ತನಾಲ್ಕು ನಿಮಿಷ. ಐವತ್ತಾರು ಘಳಿಗೆ ಕಳೆದ ಮೇಲೆ ಉಳಿಯುವ ನಾಲ್ಕು ಘಳಿಗೆ, ಅಂದರೆ 96 ನಿಮಿಷ, ಅರುಣೋದಯ ಕಾಲ. ತಿಥಿ ನಮ್ಮ ಗಡಿಯಾರದ ದಿನವನ್ನು ಅನುಸರಿಸುವುದಿಲ್ಲ. ಚಂದ್ರನು ಸೂರ್ಯನಿಂದ ಹನ್ನೆರಡು ಡಿಗ್ರಿ ಮುಂದೆ ಸರಿಯುವಷ್ಟು ಕಾಲವೇ ಒಂದು ತಿಥಿ. ಚಂದ್ರನ ವೇಗ ಬದಲಾಗುವುದರಿಂದ ಅದು ಸುಮಾರು 19 ಗಂಟೆಯಿಂದ 26 ಗಂಟೆಯವರೆಗೆ ಹಿಗ್ಗಿ ಕುಗ್ಗುತ್ತದೆ. ಹಾಗಾಗಿ ದಶಮಿ ಯಾವ ಹೊತ್ತಿನಲ್ಲಾದರೂ ಮುಗಿಯಬಹುದು.

ಹುಡುಗಿಯರು ಕಾಗದದ ಮೇಲೆ ಒಂದು ಉದಾಹರಣೆ ಬಿಡಿಸಿದರು. ಸೂರ್ಯೋದಯ 6.30 ಎಂದಿಟ್ಟುಕೊಂಡರೆ ಅರುಣೋದಯ 4.54ಕ್ಕೆ. ದಶಮಿ ಮುಗಿಯುವುದು 5.10ಕ್ಕೆ ಎಂದಿರಲಿ. ಸೂರ್ಯ ಹುಟ್ಟುವಾಗ ಏಕಾದಶಿಯೇ ಇರುವುದರಿಂದ ಎದುರುಮನೆಯ ಸ್ಮಾರ್ತರಿಗೆ ಅಂದೇ ಉಪವಾಸ, 4.54ಕ್ಕೆ ದಶಮಿ ಇನ್ನೂ ಉಳಿದಿತ್ತಾದ್ದರಿಂದ ಅದು ದಶಮೀವಿದ್ಧ, ಅಂದರೆ ಅರುಣೋದಯಕ್ಕೆ ದಶಮಿಯ ಸೋಂಕು ತಗಲಿದ ಏಕಾದಶಿ, ನಮ್ಮಂಥ ಮಾಧ್ವರಿಗೆ ಉಪವಾಸ ಮರುದಿನ. ಅಷ್ಟರಲ್ಲಿ ಗೆಳತಿ ಬ್ಯಾಗಿನಿಂದ ಸಹರಿ-ಇಫ್ತಾರ್ ವೇಳಾಪಟ್ಟಿ ತೆಗೆದು ಅದೇ ರೇಖೆಯ ಮೇಲೆ ಮತ್ತೊಂದು ಗುರುತು ಹಾಕಿದಳು: ಸೂರ್ಯೋದಯಕ್ಕೆ ಸುಮಾರು ಒಂದೂಕಾಲು ಗಂಟೆ ಮೊದಲು, ಪೂರ್ವದಲ್ಲಿ ಬೆಳಕು ಅಡ್ಡಡ್ಡ ಹರಡತೊಡಗುವ ಹೊತ್ತು, ಸಹರಿಯ ಕೊನೆ. ಒಬ್ಬರಿಗೆ ಆ ಮುಂಜಾವು ಯಾವ ದಿನ ಉಪವಾಸ ಎಂಬುದನ್ನು ತೀರ್ಮಾನಿಸುತ್ತದೆ, ಇನ್ನೊಬ್ಬರಿಗೆ ತಟ್ಟೆಯಿಂದ ಕೈ ತೆಗೆಯುವ ಕ್ಷಣವನ್ನು. ಸೂರ್ಯನ ಒಂದೇ ರೇಖೆ, ಅದರ ಮೇಲೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಎರಡು ಗುರುತು. ಇದಕ್ಕಿಂತ ಒಳ್ಳೆಯ ಸ್ಲೈಡ್ ಯಾರು ಮಾಡಿಕೊಟ್ಟಾರು? ಟೀಚರ್ ಅದರ ಮೇಲೆ ‘ವಿಷಯಕ್ಕೆ ಸಂಬಂಧಿಸಿಲ್ಲ’ ಎಂದು ಬರೆದಿದ್ದಾರೆ.

ಸಂಬಂಧಿಸಿದ್ದು ಜಠರದ ವಿಶ್ರಾಂತಿ!

ಇನ್ನೊಂದು ಸ್ಲೈಡ್ ‘ಯಾರಿಗೆ ಬಿಡುವು’ ಎಂಬುದು. ನನ್ನ ಮಟ್ಟಿಗೆ ಇಡೀ ಆರೋಗ್ಯ ಪುರಾಣವನ್ನು ಅದೊಂದೇ ಮುಗಿಸಿಬಿಡುತ್ತಿತ್ತು. ಕುರ್‌ಆನಿನ ಎರಡನೇ ಅಧ್ಯಾಯದಲ್ಲೇ ರೋಗಿಗೂ ಪ್ರಯಾಣಿಕನಿಗೂ ರೋಜಾದಿಂದ ಬಿಡುವಿದೆ. ತಪ್ಪಿದ ದಿನಗಳನ್ನು ಅವರು ಆಮೇಲೆ ಹಿಡಿದು ತೀರಿಸಬೇಕು. ಇನ್ನೆಂದೂ ಹಿಡಿಯಲಾರದವರು ದಿನಕ್ಕೊಬ್ಬ ಬಡವನಿಗೆ ಊಟ ಹಾಕಬೇಕು, ಅದು ಫಿದ್ಯಾ. ಇನ್ಸುಲಿನ್ ತೆಗೆದುಕೊಳ್ಳುವ ಗೆಳತಿಯ ಅಜ್ಜ ಮಾಡುತ್ತಿರುವುದು ಇದನ್ನೇ. ನಮ್ಮಲ್ಲಿ ಎಂಟು ದಾಟಿದವರಿಗೆ, ಎಂಬತ್ತು ತುಂಬುವವರೆಗೆ ಏಕಾದಶಿ ಎಂಬ ಶ್ಲೋಕವಿದೆ, ಅಶಕ್ತರಿಗೆ ಹಾಲು ಹಣ್ಣಿನ ರಿಯಾಯಿತಿ ಇದೆ. ನಮ್ಮ ಅತ್ತೆಯವರು ಸಕ್ಕರೆ ಕಾಯಿಲೆಯ ಮಾತ್ರೆ ಶುರುವಾದ ಮೇಲೆ ಗೊಣಗುತ್ತಲೇ ನಿರ್ಜಲ ಬಿಟ್ಟು ಹಾಲಿಗೆ ಇಳಿದಿದ್ದಾರೆ. ಉಪವಾಸ ಆರೋಗ್ಯಕ್ಕೆಂದೇ ಇದ್ದಿದ್ದರೆ ಮೊದಲು ರೋಗಿಗೇ ಕಡ್ಡಾಯ ಮಾಡಬೇಕಿತ್ತಲ್ಲವೇ? ಎರಡೂ ಕಡೆ ಮೊದಲ ಬಿಡುವು ರೋಗಿಗೇ ಸಿಕ್ಕಿದೆ.

ಅದೇ ಸ್ಲೈಡಿನಲ್ಲಿ ಮುಟ್ಟಿನ ವಿಷಯವೂ ಇತ್ತು. ಆ ದಿನಗಳಲ್ಲಿ ರೋಜಾ ಹಿಡಿಯುವಂತೆಯೇ ಇಲ್ಲ. ತಪ್ಪಿದ ನಮಾಜನ್ನು ತೀರಿಸಬೇಕಾಗಿಲ್ಲ, ತಪ್ಪಿದ ರೋಜಾವನ್ನು ಮಾತ್ರ ರಂಜಾನ್ ಕಳೆದ ಮೇಲೆ ತೀರಿಸಬೇಕು. ಗೆಳತಿಯ ತಾಯಿ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಗೀಟು ಎಳೆದು ಬಾಕಿಯ ಲೆಕ್ಕ ಇಡುತ್ತಾರಂತೆ, ತೀರಿಸಿದ ಹಾಗೆಲ್ಲ ಒಂದೊಂದೇ ಅಳಿಸುತ್ತಾರಂತೆ. ಮಗಳು ಅಜ್ಜಿಯನ್ನು ಕೇಳಿದಾಗ ಬಂದ ಉತ್ತರ ಪೂರ್ತಿ ತಿರುಗುಮುರುಗು: “ಪೂಜೆ ನಿಲ್ಲುತ್ತದೆ, ಉಪವಾಸ ನಿಲ್ಲುವುದಿಲ್ಲ.” ಮದುವೆಯಾಗಿ ಬಂದ ಹೊಸತರಲ್ಲಿ ಹೊಟ್ಟೆನೋವು ಹಿಡಿದುಕೊಂಡೇ ಏಕಾದಶಿ ಮಾಡಿದ್ದೆ, ಅದನ್ನು ಯಾರಿಗೂ ಹೇಳಿರಲಿಲ್ಲ, ಆ ಸಂಜೆ ಈ ಹುಡುಗಿಯರ ಮುಂದೆ ಹೇಳಿದೆ. ಗೆಳತಿ ಕಣ್ಣರಳಿಸಿ, “ನಮಗೆ ಬಾಕಿ ಇರುತ್ತೆ ಆಂಟಿ, ನಿಮಗೆ ರಜೆಯೇ ಇಲ್ಲ” ಎಂದಳು. ಶಾಲೆಯ ವೇದಿಕೆಯಲ್ಲಿ ಈ ಭಾಗ ಬೇಡ ಎಂದದ್ದನ್ನು, ಗಂಡುಮಕ್ಕಳೂ ಕೂತಿರುತ್ತಾರೆ ಎಂಬ ಹಳೆಯ ನೆಪವನ್ನು, ನುಂಗಿಕೊಳ್ಳಬಹುದಿತ್ತೇನೋ. ಆದರೆ ಅಜ್ಜನ ಫಿದ್ಯಾವನ್ನೂ ಅಜ್ಜಿಯ ಹಾಲನ್ನೂ ಅದರ ಜೊತೆಗೇ ಕಿತ್ತುಹಾಕಿದ್ದೇಕೆ?

ಈಗಿನ ವಾತಾವರಣದಲ್ಲಿ ಎರಡು ಧರ್ಮಗಳ ವ್ಯತ್ಯಾಸವನ್ನು ಮಕ್ಕಳ ಬಾಯಿಂದ ಹೇಳಿಸಿದರೆ ಯಾವ ಪೋಷಕರು ಫೋನ್ ಮಾಡುತ್ತಾರೋ ತಿಳಿಯದು, ಆರೋಗ್ಯ ಎಂದರೆ ಯಾರಿಗೂ ತಕರಾರಿರುವುದಿಲ್ಲ ಎಂದು ಟೀಚರ್ ನನಗೆ ಸಮಾಧಾನ ಹೇಳಿದರು. ಅವರ ಭಯ ಸುಳ್ಳಲ್ಲ, ಪೋಷಕರ ಗುಂಪಿನಲ್ಲಿ ನಾನೂ ಇದ್ದೇನೆ. ಆದರೆ ನಮ್ಮ ಮೇಜಿನ ಮೇಲೆ ಜಗಳ ಎಲ್ಲಿತ್ತು? ವ್ಯತ್ಯಾಸ ಸಿಕ್ಕಾಗಲೆಲ್ಲ ಇಬ್ಬರೂ ಕುರ್ಚಿ ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಿದ್ದರು. ಅಧಿಕಮಾಸ ಸೇರಿಸಿಕೊಳ್ಳುವುದರಿಂದ ನಮ್ಮ ವೈಕುಂಠ ಏಕಾದಶಿ ಚಳಿಗಾಲ ಬಿಟ್ಟು ಕದಲುವುದಿಲ್ಲ, ಹಿಜರಿ ವರ್ಷಕ್ಕೆ ಅಧಿಕಮಾಸವಿಲ್ಲದ್ದರಿಂದ ರಂಜಾನ್ ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿಯುತ್ತ ಹೋಗುತ್ತದೆ, 2030ರಲ್ಲಿ ಜನವರಿಗೊಮ್ಮೆ ಡಿಸೆಂಬರಿಗೊಮ್ಮೆ ಎರಡು ಸಲ ಶುರುವಾಗುತ್ತದೆ ಎಂದು ಲೆಕ್ಕ ಹಾಕಿ ಇಬ್ಬರೂ ಕಿರುಚಿದ್ದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೇನೆ. ಜಠರದ ವಿಶ್ರಾಂತಿಗೆ ಯಾವ ಮಗುವೂ ಹಾಗೆ ಕಿರುಚಿದ್ದನ್ನು ಕೇಳಿಲ್ಲ.

ಕೊನೆಗೆ ಪ್ರಶ್ನೆಗಳ ಹೊತ್ತು ಬಂತು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ಮಿಸ್, ಒಂದೇ ಬೀದಿಯಲ್ಲಿ ಎರಡು ದಿನ ಏಕಾದಶಿ ಯಾಕೆ?” ಎಂದು ಕೇಳಿದ. ಅದು ಇವತ್ತಿನ ವಿಷಯವಲ್ಲ ಎಂದು ಟೀಚರ್ ಅವನನ್ನು ಕೂರಿಸಿದರು. ಕಾರ್ಯಕ್ರಮ ಮುಗಿದ ಮೇಲೆ ನೋಡಿದರೆ ಇಬ್ಬರು ಹುಡುಗಿಯರೂ ಅವನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡಿದ್ದರು. ನನ್ನ ಮಗಳು ಆ ಹಳೆಯ ಕಾಗದವನ್ನು ಗೋಡೆಗೆ ಒತ್ತಿ ಹಿಡಿದಿದ್ದಳು, ಐವತ್ತಾರು ಘಳಿಗೆಯ ಲೆಕ್ಕವನ್ನು ಅವನಿಗೆ ಹೇಳಿಕೊಡುತ್ತಿದ್ದವಳು ರೋಜಾ ಹಿಡಿದಿದ್ದ ಹುಡುಗಿ.